ಫೋಟೋದಲ್ಲಿರುವ ಪೈ ಚಾರ್ಟಿನಿಂದ ರೂಪಾಯಿ ಲೆಕ್ಕ ತೆಗೆಯುವುದು ಹೇಗೆ?

ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾಗುವ ಮೊದಲು ಕಾಸರಗೋಡಿನ ಗ್ರಾಮ ಪಂಚಾಯತುಗಳಲ್ಲಿ ಬಜೆಟ್ ಮಂಡನೆಯಾಗುತ್ತದೆ. ಅದರ ಬೆನ್ನಿಗೇ ವಾರ್ಡಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬರುವುದುಂಟು. ಬಜೆಟ್ ಪುಸ್ತಕದ ಒಂದು ಪುಟ, ಅದರಲ್ಲೊಂದು ಬಣ್ಣಬಣ್ಣದ ಪೈ ಚಾರ್ಟ್, ಪಕ್ಕದಲ್ಲಿ ಮಲಯಾಳದಲ್ಲಿ ವಿಭಾಗಗಳ ಹೆಸರು, ಕೆಳಗೆ ಒಟ್ಟು ಮೊತ್ತ. ಯಾವ ವಿಭಾಗಕ್ಕೆ ಎಷ್ಟು ಎಂಬ ಅಂಕಿ ಮಾತ್ರ ಇರುವುದಿಲ್ಲ, ಇದ್ದರೂ ಫೋಟೋದಲ್ಲಿ ಮಸುಕಾಗಿರುತ್ತದೆ. ಕೃಷಿಗೆ ಎಷ್ಟಿಟ್ಟರು, ಕುಡಿಯುವ ನೀರಿಗೆ ಎಷ್ಟಿಟ್ಟರು ಎಂದು ಗ್ರಾಮಸಭೆಯಲ್ಲಿ ಕೇಳಬೇಕೆಂದಿರುವವರ ಕೈಯಲ್ಲಿ ಇರುವುದು ಆ ಚಿತ್ರವೊಂದೇ.

ಆ ಚಿತ್ರದಿಂದಲೇ ಅಂಕಿಗಳನ್ನು ಸಾಕಷ್ಟು ಹತ್ತಿರಕ್ಕೆ ತೆಗೆಯಬಹುದು. ಅದಕ್ಕೆ ಬೇಕಾದ ಗಣಿತ ಒಂದು ಗುಣಾಕಾರ, ಒಂದು ಭಾಗಾಕಾರ. ತೊಂದರೆ ಕೊಡುವುದು ಗಣಿತವಲ್ಲ, ಫೋಟೋ. ಆದ್ದರಿಂದ ಈ ಲೇಖನದಲ್ಲಿ ಲೆಕ್ಕಕ್ಕಿಂತ ಹೆಚ್ಚು ಜಾಗ ಫೋಟೋಗೆ ಹೋಗಿದೆ.

ಹೋಳಿನ ಕೋನವೇ ಅದರ ಪಾಲು

ಪೈ ಚಾರ್ಟ್ ಎಂದರೆ ಒಂದು ವೃತ್ತ. ಇಡೀ ವೃತ್ತ ಒಟ್ಟು ಮೊತ್ತವನ್ನು ತೋರಿಸುತ್ತದೆ, ಒಂದೊಂದು ಹೋಳು ಒಂದೊಂದು ವಿಭಾಗವನ್ನು. ವೃತ್ತದ ಕೇಂದ್ರದ ಸುತ್ತ 360 ಡಿಗ್ರಿ ಇರುವುದರಿಂದ ಶೇಕಡ 1 ಅಂದರೆ 3.6 ಡಿಗ್ರಿ. ಒಂದು ಹೋಳಿನ ಎರಡು ಗೆರೆಗಳ ನಡುವೆ 54 ಡಿಗ್ರಿ ಇದ್ದರೆ ಅದು 54 ÷ 3.6, ಅಂದರೆ ಶೇಕಡ 15.

ರೂಪಾಯಿಯೇ ಬೇಕಾಗಿದ್ದರೆ ಶೇಕಡಾವಾರನ್ನು ನಡುವೆ ತರಬೇಕಾಗಿಲ್ಲ. ಒಟ್ಟು ಮೊತ್ತವನ್ನು 360ರಿಂದ ಭಾಗಿಸಿ ಒಂದು ಡಿಗ್ರಿಯ ಬೆಲೆ ತಿಳಿದುಕೊಂಡರೆ ಸಾಕು. ಚಾರ್ಟಿನ ಕೆಳಗೆ ₹4,86,00,000 ಎಂದಿದೆ ಎನ್ನೋಣ. ಅದನ್ನು 360ರಿಂದ ಭಾಗಿಸಿದರೆ ₹1,35,000. ಆ ಚಾರ್ಟಿನಲ್ಲಿ ಒಂದು ಡಿಗ್ರಿ ಅಂದರೆ ₹1.35 ಲಕ್ಷ. 54 ಡಿಗ್ರಿಯ ಹೋಳು 54 × 1.35 = ₹72.9 ಲಕ್ಷ.

ಅಳೆಯಲು ಕೂರುವ ಮೊದಲೇ ಈ ಒಂದು ಡಿಗ್ರಿಯ ಬೆಲೆಯನ್ನು ಕಾಗದದ ಮೇಲೆ ಬರೆದಿಡುವುದು ಒಳ್ಳೆಯದು. ಕೋನಮಾಪಕದಲ್ಲಿ ಒಂದು ಗೆರೆ ಆಚೆಈಚೆಯಾದರೆ ಎಷ್ಟು ಹಣ ಆಚೆಈಚೆಯಾಗುತ್ತದೆ ಎಂಬುದು ಆಗ ಕಣ್ಣೆದುರಿಗೇ ಇರುತ್ತದೆ.

ಅಳೆಯುವ ಕ್ರಮ

ಮೊದಲು ಯಾವ ಬಣ್ಣ ಯಾವ ವಿಭಾಗ ಎಂಬುದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಫೋಟೋದಲ್ಲಿ ನೀಲಿಯ ಎರಡು ಛಾಯೆಗಳು ಒಂದೇ ತರಹ ಕಾಣಬಹುದು, ಕಿತ್ತಳೆ ಮತ್ತು ಕೆಂಪು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬೆರೆತುಹೋಗಬಹುದು. ಇಂಥ ಕಡೆ ಕ್ರಮ ನೆರವಾಗುತ್ತದೆ. ಎಕ್ಸೆಲ್‌ನಲ್ಲಿ ಮಾಡಿದ ಚಾರ್ಟು, ಯಾರೂ ಬದಲಾಯಿಸದಿದ್ದರೆ, ಗಡಿಯಾರದ 12ರ ದಿಕ್ಕಿನಿಂದ ಶುರುವಾಗಿ ಮುಳ್ಳು ತಿರುಗುವ ದಿಕ್ಕಿಗೇ ಹೋಗುತ್ತದೆ. ಬಣ್ಣಗಳ ಪಟ್ಟಿಯಲ್ಲಿ ಮೊದಲಿರುವ ಹೆಸರು 12ರಿಂದ ಶುರುವಾಗುವ ಹೋಳಿನದು, ಎರಡನೆಯದು ಅದರ ಪಕ್ಕದ್ದು, ಹೀಗೆ.

ಇನ್ನು ಅಳತೆ. ಫೋಟೋವನ್ನು ಕಾಗದಕ್ಕೆ ಪ್ರಿಂಟ್ ತೆಗೆದು ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟರೂ ಆದೀತು. ವೃತ್ತ ಅಂಗೈಯಷ್ಟಾದರೂ ದೊಡ್ಡದಿರಲಿ. ಗೆರೆಗಳು ಕೋನಮಾಪಕದ ಅಂಚಿನವರೆಗೆ ಮುಟ್ಟದಿದ್ದರೆ ಸ್ಕೇಲ್ ಇಟ್ಟು ಪೆನ್ಸಿಲ್ಲಿನಿಂದ ಉದ್ದ ಮಾಡಿಕೊಳ್ಳಿ. ಕಂಪ್ಯೂಟರಿನಲ್ಲಾದರೆ `ImageJ` ಎಂಬ ಉಚಿತ ತಂತ್ರಾಂಶದಲ್ಲಿ ಕೋನ ಅಳೆಯುವ ಉಪಕರಣವಿದೆ. ಹೋಳಿನ ಒಂದು ಗೆರೆಯ ತುದಿ, ಕೇಂದ್ರ, ಇನ್ನೊಂದು ಗೆರೆಯ ತುದಿ, ಹೀಗೆ ಮೂರು ಕಡೆ ಕ್ಲಿಕ್ ಮಾಡಿದರೆ ಡಿಗ್ರಿ ಸಿಗುತ್ತದೆ. ಯಾವುದರಲ್ಲಿ ಅಳೆದರೂ 180ಕ್ಕಿಂತ ದೊಡ್ಡ ಹೋಳನ್ನು ನೇರವಾಗಿ ಅಳೆಯಲು ಹೋಗಬೇಡಿ. ಅದರ ಹೊರಗಿನ ಉಳಿದ ಭಾಗವನ್ನು ಅಳೆದು 360ರಿಂದ ಕಳೆಯಿರಿ.

ಕೇಂದ್ರ ಸರಿಯಿದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಎಲ್ಲ ಗೆರೆಗಳು ಸೇರುವ ಬಿಂದುವೇ ಕೇಂದ್ರ. ಅಲ್ಲಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ವೃತ್ತದ ಅಂಚಿನವರೆಗೆ ಅಳೆದರೆ ನಾಲ್ಕೂ ಒಂದೇ ಆಗಿರಬೇಕು. ಮಧ್ಯದಲ್ಲಿ ತೂತಿರುವ ಬಳೆಯಾಕಾರದ ಚಾರ್ಟಾದರೆ ಗೆರೆಗಳನ್ನು ಒಳಕ್ಕೆ ಎಳೆದು ಅವು ಎಲ್ಲಿ ಕೂಡುತ್ತವೆ ಎಂದು ನೋಡಬೇಕು. ಒಂದು ಹೋಳನ್ನು ಎದ್ದುಕಾಣಲೆಂದು ಹೊರಕ್ಕೆ ಸರಿಸಿದ್ದರೆ ಆ ಹೋಳಿಗೆ ಅದರದ್ದೇ ಮೂಲೆ ಕೇಂದ್ರ. ಅದನ್ನು ಉಳಿದವುಗಳ ಕೇಂದ್ರದಿಂದ ಅಳೆದರೆ ಕೋನ ಚಿಕ್ಕದಾಗಿ ಬರುತ್ತದೆ.

ಕೇಂದ್ರ ತಪ್ಪಿದರೆ ಎಷ್ಟು ಕೆಡುತ್ತದೆ? ಕೇಂದ್ರದಿಂದ ಅಂಚಿಗೆ 400 ಪಿಕ್ಸೆಲ್ ಇರುವ ಚಾರ್ಟಿನಲ್ಲಿ ಕೇಂದ್ರವನ್ನು 10 ಪಿಕ್ಸೆಲ್ ಆಚೆ ಹಿಡಿದರೆ ಒಂದು ಗೆರೆಯ ದಿಕ್ಕು ಸುಮಾರು 1.4 ಡಿಗ್ರಿಯವರೆಗೆ ತಪ್ಪುತ್ತದೆ. ಹೋಳಿಗೆ ಎರಡು ಗೆರೆ. ಅರ್ಧ ವೃತ್ತಕ್ಕೆ ಹತ್ತಿರವಿರುವ ದೊಡ್ಡ ಹೋಳಿನಲ್ಲಿ ಎರಡೂ ತಪ್ಪು ಕೂಡಿಕೊಂಡು 2.8 ಡಿಗ್ರಿಯವರೆಗೂ ಹೋಗಬಹುದು. ನಮ್ಮ ₹4.86 ಕೋಟಿಯ ಚಾರ್ಟಿನಲ್ಲಿ ಅದು ₹3.8 ಲಕ್ಷ.

ಮೊತ್ತ 360 ಬಂದರೆ ಎಲ್ಲ ಸರಿಯೇ?

ಎಲ್ಲ ಹೋಳುಗಳನ್ನು ಬೇರೆಬೇರೆಯಾಗಿ ಅಳೆದು ಕೂಡಿಸಿ ನೋಡುವುದು ಎಲ್ಲರಿಗೂ ಹೊಳೆಯುವ ಪರೀಕ್ಷೆ. 359, 360, 361 ಬಂದರೆ ಸಮಾಧಾನ, 350 ಬಂದರೆ ಎಲ್ಲೋ ಓದುವಾಗ ತಪ್ಪಿದೆ. ಈ ಪರೀಕ್ಷೆ ಬೇಕೇ ಬೇಕು. ಆದರೆ ಅದು ಹಿಡಿಯುವುದು ಕೋನಮಾಪಕ ಓದಿದ ತಪ್ಪನ್ನು ಮಾತ್ರ.

ಕಾರಣ ಸರಳ. ವೃತ್ತದೊಳಗಿನ ಯಾವುದೇ ಬಿಂದುವಿನಲ್ಲಿ ನಿಂತು ಸುತ್ತಲೂ ಅಳೆದರೂ ಒಟ್ಟು 360 ಡಿಗ್ರಿಯೇ ಬರುತ್ತದೆ. ಕೇಂದ್ರವನ್ನು ತಪ್ಪಾಗಿ ಹಿಡಿದರೆ ಒಂದು ಕಡೆಯ ಹೋಳು ಹಿಗ್ಗುತ್ತದೆ, ಎದುರಿನದು ಕುಗ್ಗುತ್ತದೆ, ಮೊತ್ತ ಅಲುಗುವುದಿಲ್ಲ. ಓರೆಯಾಗಿ ತೆಗೆದ ಫೋಟೋದಲ್ಲೂ ಹೀಗೆಯೇ. ಪ್ರತಿಯೊಂದು ಹೋಳೂ ತಪ್ಪಿದ್ದು ಮೊತ್ತ ಮಾತ್ರ ಸರಿಯಿರುವ ಲೆಕ್ಕ ಹುಟ್ಟುವುದು ಇಲ್ಲಿಂದಲೇ. ಹೆಚ್ಚಿನ ತಪ್ಪು ಅಂಕಿಗಳಿಗೆ ಕಾರಣ ಈ ಓರೆ ಎಂಬುದರಿಂದ ಅದನ್ನು ವಿವರವಾಗಿ ನೋಡಬೇಕು.

ಓರೆ ಫೋಟೋ ಮಾಡುವ ಹಾನಿ

ಮೇಜಿನ ಮೇಲಿಟ್ಟ ಊಟದ ತಟ್ಟೆಯನ್ನು ನೇರ ಮೇಲಿನಿಂದ ನೋಡಿದರೆ ದುಂಡಗೆ ಕಾಣುತ್ತದೆ, ಕುರ್ಚಿಯಲ್ಲಿ ಕುಳಿತು ನೋಡಿದರೆ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ ಕಾಣುತ್ತದೆ. ತಟ್ಟೆಯ ಅಗಲ ಹಾಗೆಯೇ ಉಳಿದಿದೆ, ನಮ್ಮಿಂದ ದೂರಕ್ಕೆ ಹೋಗುವ ಉದ್ದ ಕುಗ್ಗಿದೆ. ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಫೋನನ್ನು ಓರೆ ಹಿಡಿದು ತೆಗೆದ ಫೋಟೋದಲ್ಲಿ ಪೈ ಚಾರ್ಟಿಗೆ ಆಗುವುದೂ ಅದೇ.

ಚಪ್ಪಟೆಯಾದಾಗ ಎಲ್ಲ ಕೋನಗಳೂ ಒಂದೇ ರೀತಿ ಬದಲಾಗುವುದಿಲ್ಲ. ಮೇಲೆ ಮತ್ತು ಕೆಳಗೆ ಇರುವ ಹೋಳುಗಳು ಬಾಯಿ ತೆರೆದಂತೆ ಅಗಲವಾಗುತ್ತವೆ. ಎಡಕ್ಕೂ ಬಲಕ್ಕೂ ಇರುವ ಹೋಳುಗಳು ಕಿರಿದಾಗುತ್ತವೆ. ಎತ್ತರ ಅಗಲದ ಶೇಕಡ 80ಕ್ಕೆ ಇಳಿದಿದೆ ಎಂದುಕೊಳ್ಳಿ. ಸರಿಯಾಗಿ 90 ಡಿಗ್ರಿಯಿರುವ ಹೋಳೊಂದು ನೆತ್ತಿಯ ಮೇಲೆ ನಡುವಾಗಿ ಕುಳಿತಿದ್ದರೆ ಫೋಟೋದಲ್ಲಿ ಅದು 102.7 ಡಿಗ್ರಿ. ಅದೇ ಹೋಳು ಬಲಗಡೆ ನಡುವಾಗಿ ಇದ್ದಿದ್ದರೆ 77.3 ಡಿಗ್ರಿ. ಅದೇ ಹೋಳು 12ರಿಂದ 3ರವರೆಗೆ ಇದ್ದಿದ್ದರೆ ಸರಿಯಾಗಿ 90 ಡಿಗ್ರಿಯೇ! ಆದ್ದರಿಂದ ಒಂದು ಹೋಳು ಸರಿ ಬಂತೆಂದು ಉಳಿದವೂ ಸರಿಯೆಂದು ತಿಳಿಯುವಂತಿಲ್ಲ.

ಓರೆಯನ್ನು ಗುರುತಿಸಲು ಒಂದೇ ಅಳತೆ ಸಾಕು. ಚಾರ್ಟಿನ ಎಡ ತುದಿಯಿಂದ ಬಲ ತುದಿಗೆ ಎಷ್ಟು, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಎಷ್ಟು ಎಂದು ನೋಡಿ. ಎರಡೂ ಸಮವಾಗಿದ್ದರೆ ನೇರ ಫೋಟೋ. ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೆ ಕೋನಮಾಪಕದ ಅಳತೆಗೆ ಅದು ಲೆಕ್ಕಕ್ಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಸರಿಪಡಿಸಿ, ಆಮೇಲೆ ಅಳೆಯಿರಿ. ಮೊಟ್ಟೆಯಾಕಾರದ ಉದ್ದನೆಯ ಬದಿ ಅಡ್ಡಡ್ಡ ಇಲ್ಲದೆ ಓರೆಯಾಗಿ ನಿಂತಿದ್ದರೆ ಅದು ಅಡ್ಡ ಬರುವಂತೆ ಚಿತ್ರವನ್ನು ತಿರುಗಿಸಿಕೊಂಡು ಈ ಅಳತೆ ಮಾಡಬೇಕು.

ಒಂದು ಚಾರ್ಟನ್ನು ಕೊನೆಯವರೆಗೆ ಅಳೆದು ನೋಡೋಣ

ಈ ಚಾರ್ಟು ವಿವರಿಸಲೆಂದೇ ಮಾಡಿಕೊಂಡದ್ದು, ಯಾವ ಪಂಚಾಯತಿನದ್ದೂ ಅಲ್ಲ. ಹಾಗಾಗಿ ಹಿಂದಿನ ನಿಜವಾದ ಅಂಕಿ ಗೊತ್ತಿದೆ, ನಮ್ಮ ಅಳತೆ ಎಷ್ಟು ಹತ್ತಿರ ಬಂತೆಂದು ಕೊನೆಗೆ ನೋಡಬಹುದು. ಒಟ್ಟು ₹4.86 ಕೋಟಿ. 12ರ ದಿಕ್ಕಿನಿಂದ ಶುರುವಾಗಿ ಆರು ಹೋಳುಗಳು: ರಸ್ತೆ, ವಸತಿ, ಕುಡಿಯುವ ನೀರು, ಕೃಷಿ, ಆರೋಗ್ಯ, ಇತರೆ.

ಫೋಟೋದಲ್ಲಿ ಚಾರ್ಟಿನ ಅಗಲ 800 ಪಿಕ್ಸೆಲ್, ಎತ್ತರ 680. ಓರೆಯನ್ನು ಗಮನಿಸದೆ ಹಾಗೆಯೇ ಕೋನಮಾಪಕ ಇಟ್ಟರೆ ಸಿಗುವ ಅಳತೆ ಕ್ರಮವಾಗಿ 105, 95, 54, 37, 35, 33 ಡಿಗ್ರಿ. ಮೊತ್ತ 359. ಯಾರಿಗೂ ಸಂಶಯ ಬರದಂಥ ಮೊತ್ತ. 360ರ ಬದಲು ಈ 359ನ್ನೇ ಇಡೀ ವೃತ್ತವೆಂದು ಹಿಡಿದು ಲೆಕ್ಕ ಹಾಕಿದರೆ ಕೃಷಿಗೆ ₹50.1 ಲಕ್ಷ, ವಸತಿಗೆ ₹128.6 ಲಕ್ಷ, ಇತರೆಗೆ ₹44.7 ಲಕ್ಷ ಬರುತ್ತದೆ.

ಈಗ ಓರೆ ಸರಿಪಡಿಸೋಣ. 800 ÷ 680 = 1.176. ಅಂದರೆ ಚಿತ್ರದ ಎತ್ತರವನ್ನು ಮಾತ್ರ 1.176 ಪಟ್ಟು ಹಿಗ್ಗಿಸಬೇಕು. ವಿಂಡೋಸಿನ `Paint`ನಲ್ಲಿ `Resize` ತೆರೆದು, `Maintain aspect ratio` ಎಂಬಲ್ಲಿನ ಗುರುತು ತೆಗೆದು, `Vertical` ಎಂಬಲ್ಲಿ 118 ಎಂದು ಹಾಕಿದರೆ ಆಯಿತು. ಆ ಗುರುತು ತೆಗೆಯದಿದ್ದರೆ ಅಗಲವೂ ಜೊತೆಗೆ ಹಿಗ್ಗಿ ಚಾರ್ಟು ಚಪ್ಪಟೆಯಾಗಿಯೇ ಉಳಿಯುತ್ತದೆ. ಹಿಗ್ಗಿಸಿದ ಮೇಲೆ ಅಗಲ, ಎತ್ತರ ಮತ್ತೊಮ್ಮೆ ಅಳೆದು ಸಮವಾಗಿವೆ ಎಂದು ಖಚಿತ ಮಾಡಿಕೊಳ್ಳಿ.

ದುಂಡಗಾದ ಚಾರ್ಟಿನ ಮೇಲೆ ಮತ್ತೆ ಅಳೆದಾಗ ಬಂದದ್ದು 108, 91, 54, 43, 36, 29. ಮೊತ್ತ 361. ಒಂದು ಡಿಗ್ರಿ ಹೆಚ್ಚಿದೆ. ಯಾವ ಹೋಳಿನಲ್ಲಿ ಹೆಚ್ಚಾಯಿತೆಂದು ಗೊತ್ತಿಲ್ಲದಾಗ ಒಂದರಿಂದ ಕಿತ್ತುಹಾಕುವುದು ಸರಿಯಲ್ಲ. ಪ್ರತಿಯೊಂದನ್ನೂ 360ರ ಬದಲು 361ರಿಂದ ಭಾಗಿಸಿದರೆ ಆ ಒಂದು ಡಿಗ್ರಿ ಎಲ್ಲರಿಗೂ ಅವರವರ ಪಾಲಿನಷ್ಟೇ ಹಂಚಿಹೋಗುತ್ತದೆ. ಕೃಷಿಗೆ 43 ÷ 361 = 0.119, ಅಂದರೆ ಶೇಕಡ 11.9. ಅದನ್ನು 486 ಲಕ್ಷಕ್ಕೆ ಗುಣಿಸಿದರೆ ₹57.9 ಲಕ್ಷ.

| ವಿಭಾಗ | ಅಳೆದ ಕೋನ | ಶೇಕಡ | ಲೆಕ್ಕಕ್ಕೆ ಸಿಕ್ಕಿದ್ದು (₹ ಲಕ್ಷ) | ನಿಜವಾದದ್ದು (₹ ಲಕ್ಷ) |
|---|---|---|---|---|
| ರಸ್ತೆ | 108 | 29.9 | 145.4 | 145.8 |
| ವಸತಿ | 91 | 25.2 | 122.5 | 121.5 |
| ಕುಡಿಯುವ ನೀರು | 54 | 15.0 | 72.7 | 72.9 |
| ಕೃಷಿ | 43 | 11.9 | 57.9 | 58.3 |
| ಆರೋಗ್ಯ | 36 | 10.0 | 48.5 | 48.6 |
| ಇತರೆ | 29 | 8.0 | 39.0 | 38.9 |

ಸರಿಪಡಿಸಿದ ಮೇಲೆ ಅತಿ ದೊಡ್ಡ ತಪ್ಪು ವಸತಿಯಲ್ಲಿ, ಅದೂ ಒಂದೇ ಲಕ್ಷ. ಸರಿಪಡಿಸದ ಫೋಟೋದಲ್ಲಿ ಕೃಷಿಗೆ ₹8 ಲಕ್ಷಕ್ಕೂ ಹೆಚ್ಚು ಕಡಿಮೆ ಬಂದಿತ್ತು, ವಸತಿಗೆ ₹7 ಲಕ್ಷ ಹೆಚ್ಚು. ಕೃಷಿಯ ಹೋಳು ಎಡಗಡೆ ಇತ್ತು, ಆದ್ದರಿಂದ ಕಿರಿದಾಯಿತು. ವಸತಿಯ ಹೋಳು ಕೆಳಗೆ ಇತ್ತು, ಆದ್ದರಿಂದ ಹಿಗ್ಗಿತು. ಕುಡಿಯುವ ನೀರಿನ ಹೋಳು ಕೆಳಗಿನಿಂದ ಎಡಕ್ಕೆ ಹೊರಳುವ ಜಾಗದಲ್ಲಿತ್ತು, ಅದಕ್ಕೆ ಎರಡು ಸಲವೂ 54 ಬಂತು. ಹಣ ಇಟ್ಟವರ ತೀರ್ಮಾನಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವೇ ಇಲ್ಲ. ಹೋಳು ವೃತ್ತದ ಯಾವ ಮೂಲೆಯಲ್ಲಿ ಕುಳಿತಿದೆ ಎಂಬುದೊಂದೇ ಕಾರಣ. ಇಂಥ ಅಂಕಿ ಹಿಡಿದುಕೊಂಡು ಗ್ರಾಮಸಭೆಯಲ್ಲಿ "ಕೃಷಿಗೆ ಐವತ್ತೇ ಲಕ್ಷವೇ?" ಎಂದು ಕೇಳಿದರೆ ಕೇಳಿದವರ ನ್ಯಾಯವಾದ ಉಳಿದ ಪ್ರಶ್ನೆಗಳೂ ತೂಕ ಕಳೆದುಕೊಳ್ಳುತ್ತವೆ.

ಚಿತ್ರ ಹಿಗ್ಗಿಸದೆ ಲೆಕ್ಕದಲ್ಲೇ ಸರಿಪಡಿಸುವುದು

ಸ್ಪ್ರೆಡ್‌ಶೀಟ್ ಬಳಸಿ ಅಭ್ಯಾಸವಿರುವವರಿಗೆ ಇದಕ್ಕಿಂತ ನಿಖರವಾದ ದಾರಿಯಿದೆ. `Paint`ನಲ್ಲಿ ಮೌಸ್ ಎಲ್ಲಿದೆಯೋ ಅಲ್ಲಿನ ಪಿಕ್ಸೆಲ್ ಸ್ಥಾನ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಕೇಂದ್ರದ ಸ್ಥಾನ ಬರೆದುಕೊಳ್ಳಿ, ಪ್ರತಿ ಗೆರೆಯೂ ವೃತ್ತದ ಅಂಚನ್ನು ಮುಟ್ಟುವ ಜಾಗದ ಸ್ಥಾನ ಬರೆದುಕೊಳ್ಳಿ. ಗೆರೆಯ ತುದಿಯ ಅಡ್ಡ ಸ್ಥಾನ `A2`ರಲ್ಲಿ, ಲಂಬ ಸ್ಥಾನ `B2`ರಲ್ಲಿ ಇರಲಿ. ಕೇಂದ್ರದ ಎರಡು ಸ್ಥಾನಗಳು `F1`, `F2`ರಲ್ಲಿ, ಚಾರ್ಟಿನ ಅಗಲ `F3`ರಲ್ಲಿ, ಎತ್ತರ `F4`ರಲ್ಲಿ. ಆಗ ಈ ಸೂತ್ರ 12ರ ದಿಕ್ಕಿನಿಂದ ಆ ಗೆರೆಯವರೆಗಿನ ನಿಜವಾದ ಕೋನವನ್ನು ಕೊಡುತ್ತದೆ:

```
=MOD(DEGREES(ATAN2(($F$2-B2)*$F$3/$F$4, A2-$F$1)),360)
```

ನಮ್ಮ ಫೋಟೋದಲ್ಲಿ ಕೇಂದ್ರ 610, 520. ಕೃಷಿಯ ಹೋಳಿನ ಮೊದಲ ಗೆರೆ ಅಂಚನ್ನು ಮುಟ್ಟುವುದು 230, 625ರಲ್ಲಿ, ಎರಡನೆಯದು 248, 375ರಲ್ಲಿ. ಸೂತ್ರ ಕೊಡುವುದು 252.0 ಮತ್ತು 295.2. ಎರಡರ ವ್ಯತ್ಯಾಸ 43.2 ಡಿಗ್ರಿ, ಅಂದರೆ ಶೇಕಡ 12, ರೂಪಾಯಿಯಲ್ಲಿ 58.3 ಲಕ್ಷ. ಚಪ್ಪಟೆ ಫೋಟೋದಿಂದಲೇ ನಿಜವಾದ ಅಂಕಿ ಬಂತು. ಕೊನೆಯ ಹೋಳಿನ ಎರಡನೆಯ ಗೆರೆ 12ರ ದಿಕ್ಕಿನಲ್ಲೇ ಇದ್ದರೆ ಸೂತ್ರ 0 ಎನ್ನುತ್ತದೆ, ಕಳೆಯುವಾಗ ಅದನ್ನು 360 ಎಂದು ತೆಗೆದುಕೊಳ್ಳಬೇಕು. ಈ ದಾರಿಯಲ್ಲಿ ಗೆರೆಗಳ ವ್ಯತ್ಯಾಸ ತೆಗೆಯುವುದರಿಂದ ಮೊತ್ತ ಯಾವಾಗಲೂ 360 ಬಂದೇ ಬರುತ್ತದೆ, ಅದನ್ನು ಪರೀಕ್ಷೆಯೆಂದು ಎಣಿಸುವಂತಿಲ್ಲ.

ಬೇರೆ ಪರೀಕ್ಷೆ ಬೇಕಾದರೆ ಹೋಳಿನ ವಿಸ್ತೀರ್ಣ ನೋಡಬಹುದು. ಚಪ್ಪಟೆಯಾದಾಗ ಕೋನಗಳು ಒಂದೊಂದು ರೀತಿ ಕೆಡುತ್ತವಾದರೂ ವಿಸ್ತೀರ್ಣ ಎಲ್ಲ ಹೋಳುಗಳಿಗೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಹೋಳಿನ ಪಿಕ್ಸೆಲ್‌ಗಳನ್ನು ಇಡೀ ಚಾರ್ಟಿನ ಪಿಕ್ಸೆಲ್‌ಗಳಿಂದ ಭಾಗಿಸಿದರೆ ಓರೆಯಿದ್ದರೂ ಸರಿಯಾದ ಪಾಲೇ ಸಿಗುತ್ತದೆ. `GIMP`ನಲ್ಲಿ ಒಂದು ಬಣ್ಣವನ್ನು ಆರಿಸಿ `Histogram` ತೆರೆದರೆ ಎಷ್ಟು ಪಿಕ್ಸೆಲ್ ಎಂದು ಗೊತ್ತಾಗುತ್ತದೆ. ಇಡೀ ಚಾರ್ಟಿನದು ಅಗಲ × ಎತ್ತರ × 0.785. ನಮ್ಮದರಲ್ಲಿ ಅದು ಸುಮಾರು 4,27,000, ಕೃಷಿಯ ಹೋಳು 51,000ದ ಆಸುಪಾಸು, ಅಂದರೆ ಶೇಕಡ 12ರ ಹತ್ತಿರ. ಹೋಳಿನ ಮೇಲೆ ಅಕ್ಷರ ಮುದ್ರಿಸಿದ್ದರೆ ಅಥವಾ ಬೆಳಕು ಹೊಳೆದು ಬಿಳಿಯಾಗಿದ್ದರೆ ಅಷ್ಟು ಪಿಕ್ಸೆಲ್ ತಪ್ಪಿಹೋಗುತ್ತವೆ ಎಂಬುದು ನೆನಪಿರಲಿ.

ಹಿಗ್ಗಿಸಿದರೂ ಸರಿಹೋಗದ ಫೋಟೋ

ಫೋನು ತೀರಾ ಹತ್ತಿರವಿದ್ದು ಓರೆಯೂ ಹೆಚ್ಚಿದ್ದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹತ್ತಿರದ ಅರ್ಧ ದೊಡ್ಡದಾಗಿ, ದೂರದ ಅರ್ಧ ಚಿಕ್ಕದಾಗಿ ಕಾಣುತ್ತದೆ. ಇದರ ಗುರುತು ಕೇಂದ್ರದಲ್ಲಿದೆ. ಗೆರೆಗಳು ಸೇರುವ ಬಿಂದು ಮೊಟ್ಟೆಯಾಕಾರದ ನಟ್ಟನಡುವೆ ಇಲ್ಲದೆ ದೂರದ ಬದಿಗೆ ಸರಿದಿದ್ದರೆ, ಪುಟದ ಎಡಬಲದ ಅಂಚುಗಳು ಸಮಾನಾಂತರವಾಗಿರದೆ ಮೇಲಕ್ಕೆ ಹೋದಂತೆ ಹತ್ತಿರವಾಗುತ್ತಿದ್ದರೆ, ಬರೇ ಎತ್ತರ ಹಿಗ್ಗಿಸಿ ಪ್ರಯೋಜನವಿಲ್ಲ. ಮೇಲಿನ ಸೂತ್ರವಾಗಲಿ ವಿಸ್ತೀರ್ಣದ ಲೆಕ್ಕವಾಗಲಿ ಇಲ್ಲಿ ಸರಿಯಾಗಿ ನಡೆಯುವುದಿಲ್ಲ.

ಆಗ ಪುಟದ ನಾಲ್ಕು ಮೂಲೆಗಳು ಬೇಕು. ಫೋನಿನ ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳು ನಾಲ್ಕು ಮೂಲೆಗಳನ್ನು ಹಿಡಿದು ಪುಟವನ್ನು ಆಯತವಾಗಿ ನೇರಗೊಳಿಸುತ್ತವೆ, ತೆಗೆದಿಟ್ಟ ಫೋಟೋವನ್ನೂ ಹಲವು ಆ್ಯಪ್‌ಗಳು ತೆಗೆದುಕೊಳ್ಳುತ್ತವೆ. ನೇರಗೊಳಿಸಿದ ಮೇಲೂ ಚಾರ್ಟಿನ ಅಗಲ ಎತ್ತರ ಅಳೆಯಲೇಬೇಕು. ಆಯತದ ಉದ್ದಗಲದ ಪ್ರಮಾಣವನ್ನು ಆ್ಯಪ್ ಊಹಿಸಿರುತ್ತದೆ, ಅದು ಸ್ವಲ್ಪ ತಪ್ಪಿದ್ದರೆ ಚಾರ್ಟು ಇನ್ನೂ ಚಪ್ಪಟೆಯಾಗಿರುತ್ತದೆ. ಆ ಉಳಿದ ಚಪ್ಪಟೆತನಕ್ಕೆ ಎತ್ತರ ಹಿಗ್ಗಿಸುವ ಮದ್ದು ಸಾಕು. ಯಾರೋ ಚಾರ್ಟನ್ನಷ್ಟೇ ಕತ್ತರಿಸಿ ಕಳುಹಿಸಿದ್ದರೆ ಮೂಲೆಗಳು ಸಿಗುವುದಿಲ್ಲ, ಆದ್ದರಿಂದ ಇಡೀ ಪುಟದ ಫೋಟೋ ಕೇಳಿ ತರಿಸಿಕೊಳ್ಳಿ. ಪುಸ್ತಕದ ಹೊಲಿಗೆಯ ಕಡೆ ಪುಟ ಬಾಗಿದ್ದರೆ ಯಾವ ಆ್ಯಪ್‌ ಕೂಡ ಪೂರ್ತಿ ಸರಿಮಾಡಲಾರದು. ಪುಟ ಒತ್ತಿಹಿಡಿದು ಹೊಸದಾಗಿ ಫೋಟೋ ತೆಗೆಯಬೇಕು.

ದಪ್ಪ ಇರುವಂತೆ ಬಿಡಿಸಿದ ತ್ರೀಡಿ ಪೈ ಚಾರ್ಟು ಹುಟ್ಟುವಾಗಲೇ ಚಪ್ಪಟೆ. ಕ್ಯಾಮರಾ ನೇರವಿದ್ದರೂ ಓರೆ ಅದರೊಳಗೇ ಇರುತ್ತದೆ. ಮೇಲಿನ ಮುಖವನ್ನು ಮಾತ್ರ ತೆಗೆದುಕೊಂಡು, ಮುಂದಿನ ದಪ್ಪ ಅಂಚನ್ನು ಎತ್ತರದಲ್ಲಿ ಸೇರಿಸದೆ, ಅದನ್ನೂ ಹಿಗ್ಗಿಸಿ ಅಳೆಯಬಹುದು.

ಎಷ್ಟು ನಂಬಬಹುದು

ಕೋನಮಾಪಕದಲ್ಲಿ ಜಾಗ್ರತೆಯಿಂದ ಅಳೆದರೂ ಒಂದು ಡಿಗ್ರಿ ಆಚೆಈಚೆ ಸಹಜ. ನಮ್ಮ ಚಾರ್ಟಿನಲ್ಲಿ ಅದು ₹1.35 ಲಕ್ಷ. ಕಂಪ್ಯೂಟರಿನಲ್ಲಿ ಅಳೆದರೂ ವಾಟ್ಸಾಪಿನಲ್ಲಿ ಕೈಬದಲಾಗುತ್ತಾ ಬಂದ ಚಿತ್ರದ ಗೆರೆ ಮೂರು ಪಿಕ್ಸೆಲ್ ಮಸುಕಾಗಿದ್ದರೆ, 400 ಪಿಕ್ಸೆಲ್ ತ್ರಿಜ್ಯಕ್ಕೆ ಅರ್ಧ ಡಿಗ್ರಿಯಷ್ಟು ಅನುಮಾನ ಉಳಿಯುತ್ತದೆ. ಆದ್ದರಿಂದ ಕೃಷಿಗೆ "ಸುಮಾರು ₹58 ಲಕ್ಷ, ಒಂದೂವರೆ ಲಕ್ಷ ಹೆಚ್ಚುಕಡಿಮೆ" ಎಂದು ಬರೆಯಿರಿ. ಕ್ಯಾಲ್ಕುಲೇಟರ್ ₹57,88,920 ಎಂದು ತೋರಿಸಿದರೂ ಆ ಕೊನೆಯ ಅಂಕೆಗಳಿಗೆ ಆಧಾರವಿಲ್ಲ.

ಈ ಒಂದೂವರೆ ಲಕ್ಷದ ಅನುಮಾನ ದೊಡ್ಡ ಹೋಳಿಗೆ ಏನೂ ಅಲ್ಲ, ಸಣ್ಣ ಹೋಳಿಗೆ ಬಹಳ. ಮೂರು ಡಿಗ್ರಿಯ ಹೋಳೊಂದರಲ್ಲಿ ಒಂದು ಡಿಗ್ರಿ ತಪ್ಪಿದರೆ ಮೂರರಲ್ಲೊಂದು ಪಾಲೇ ತಪ್ಪಿತು. ಅಂಥ ಹೋಳಿಗೆ ಕೋನಮಾಪಕ ಬೇಡ. ಚಾರ್ಟನ್ನು ದುಂಡಗೆ ಮಾಡಿಕೊಂಡು, ಹೋಳಿನ ಎರಡು ತುದಿಗಳ ನಡುವಿನ ದೂರವನ್ನು ವೃತ್ತದ ಅಂಚಿನಲ್ಲಿ ಅಳೆಯಿರಿ. ಆ ದೂರವನ್ನು ತ್ರಿಜ್ಯದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. 400 ಪಿಕ್ಸೆಲ್ ತ್ರಿಜ್ಯದಲ್ಲಿ ಅಂಚಿನ ದೂರ 21 ಪಿಕ್ಸೆಲ್ ಇದ್ದರೆ 21 ÷ 400 × 57.3 = 3.0 ಡಿಗ್ರಿ. ಇಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ಕೆಡುವುದು 0.14 ಡಿಗ್ರಿ ಮಾತ್ರ. ಇಪ್ಪತ್ತು ಡಿಗ್ರಿಯವರೆಗಿನ ಹೋಳುಗಳಿಗೆ ಈ ಉಪಾಯ ಸಾಕಷ್ಟು ಸರಿಯಾಗಿ ನಡೆಯುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಅಂಚಿನ ಬಾಗು ಅಡ್ಡ ಬರುತ್ತದೆ.

ಒಟ್ಟು ಯಾವುದರ ಒಟ್ಟು?

ಕೋನಗಳೆಲ್ಲ ಸರಿಯಿದ್ದೂ ರೂಪಾಯಿ ತಪ್ಪುವ ಒಂದು ಜಾಗ ಉಳಿದಿದೆ. ಪಂಚಾಯತ್ ಬಜೆಟಿನಲ್ಲಿ ಒಂದಕ್ಕಿಂತ ಹೆಚ್ಚು ಮೊತ್ತಗಳಿರುತ್ತವೆ. ಆರಂಭದ ಶಿಲ್ಕು, ವರ್ಷದ ವರಮಾನ, ಎರಡೂ ಸೇರಿದ ಮೊತ್ತ, ಖರ್ಚಿನ ಮೊತ್ತ, ಕೊನೆಗೆ ಉಳಿಯುವ ಶಿಲ್ಕು. ಚಾರ್ಟು ಖರ್ಚಿನದ್ದಾಗಿದ್ದು ನೀವು ಗುಣಿಸಿದ್ದು ಶಿಲ್ಕು ಸೇರಿದ ವರಮಾನದ ಮೊತ್ತವಾಗಿದ್ದರೆ ಪ್ರತಿ ಹೋಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತದೆ. ಖರ್ಚು ₹4.86 ಕೋಟಿಯಿದ್ದು ₹5.10 ಕೋಟಿಯಿಂದ ಲೆಕ್ಕ ಹಾಕಿದರೆ ಕೃಷಿಯ ₹58.3 ಲಕ್ಷ ₹61.2 ಲಕ್ಷವಾಗಿ ಕಾಣುತ್ತದೆ. ಇದನ್ನು ಅಳತೆಯಿಂದ ಪತ್ತೆಹಚ್ಚಲು ಸಾಧ್ಯವೇ ಇಲ್ಲ, ಶೇಕಡಾವಾರುಗಳು ಒಂದಿಷ್ಟೂ ಬದಲಾಗುವುದಿಲ್ಲ.

ಪತ್ತೆಹಚ್ಚುವ ದಾರಿ ಒಂದಿದೆ. ಯಾವುದಾದರೂ ಒಂದು ವಿಭಾಗದ ರೂಪಾಯಿ ಅಂಕಿ ಬೇರೆಡೆ ಸಿಕ್ಕಿರುತ್ತದೆ: ಬಜೆಟ್ ಭಾಷಣದಲ್ಲಿ, ಮರುದಿನದ ಪತ್ರಿಕೆಯಲ್ಲಿ, ವಾರ್ಡ್ ಸದಸ್ಯರ ಮಾತಿನಲ್ಲಿ. ಕುಡಿಯುವ ನೀರಿಗೆ ₹72.9 ಲಕ್ಷ ಎಂದು ಗೊತ್ತಿದ್ದರೆ ಅದನ್ನು ಆ ಹೋಳಿನ 54 ಡಿಗ್ರಿಯಿಂದ ಭಾಗಿಸಿ. ₹1.35 ಲಕ್ಷ ಬಂದರೆ ಒಟ್ಟು ₹4.86 ಕೋಟಿ ಎಂಬುದು ಸರಿ. ₹1.35 ಲಕ್ಷಕ್ಕಿಂತ ತೀರಾ ಬೇರೆಯಾದ ಅಂಕಿ ಬಂದರೆ ಅದನ್ನು 360ರಿಂದ ಗುಣಿಸಿ. ಚಾರ್ಟು ಬಿಡಿಸಿದವರು ಯಾವ ಮೊತ್ತವನ್ನು ಹಂಚಿದ್ದಾರೆಂಬುದು ಸಿಗುತ್ತದೆ, ಆ ಮೊತ್ತ ಪುಸ್ತಕದ ಯಾವ ಸಾಲಿನಲ್ಲಿದೆ ಎಂದು ಹುಡುಕಬಹುದು.